ಮೂರು ಸೆಕೆಂಡಿನ ಮುದ್ದೆ

ಇವತ್ತು ರಾಜಕೀಯ ಬೇಡ, ಮುದ್ದೆ ವಿಚಾರ ಮಾತಾಡೋಣ. ಮುದ್ದೆ ಅಂದ ತಕ್ಷಣ ರಿಮೋಟ್ ಕೈಗೆ ತಗೊಂಡ್ರಾ? ಒಂದು ನಿಮಿಷ ತಡೀರಿ. ನನ್ನ ಮಾತು ಆ ರಿಮೋಟ್ ಬಗ್ಗೆಯೇ ಇದೆ.

ಮಂಡ್ಯ ಕಡೆಯ ನಮ್ಮ ಚಿಕ್ಕಮ್ಮ ಒಂದು ಅಡುಗೆ ಚಾನೆಲ್ ಶುರು ಮಾಡಿದ್ದಾರೆ. ಹೊಸದಾಗಿ ಒಲೆ ಮುಂದೆ ನಿಲ್ಲೋ ಹುಡುಗ ಹುಡುಗೀರಿಗೆ ದಿನನಿತ್ಯದ ಅಡುಗೆ ಹೇಳಿಕೊಡೋದು ಅವರ ಆಸೆ. ಮೊದಲ ವಿಡಿಯೊ ರಾಗಿ ಮುದ್ದೆ. ಒಂದು ನಿಮಿಷದ್ದು. ಹಾಕಿ ಎರಡು ವಾರವಾದರೂ ನೋಡಿದವರೆಲ್ಲ ನಮ್ಮ ನೆಂಟರೇ. "ಮಗಾ, ನೀನು ದಿನಾ ಟೀವೀಲಿ ಕೂತು ಜನರನ್ನ ಹಿಡಿದಿಟ್ಟುಕೊಳ್ತೀಯಲ್ಲ, ನನಗೂ ಒಂದು ಸಾಲು ಬರೆದುಕೊಡು" ಅಂತ ಫೋನ್ ಮಾಡಿದರು.

ವಿಡಿಯೊ ನೋಡಿದೆ. ಅದು ಶುರುವಾಗೋದು ಹೀಗೆ: "ಎಲ್ಲರಿಗೂ ನಮಸ್ಕಾರ, ನಮ್ಮ ಅಡುಗೆಮನೆಗೆ ಸ್ವಾಗತ, ಇವತ್ತಿನ ವಿಡಿಯೊದಲ್ಲಿ ರಾಗಿ ಮುದ್ದೆ ಮಾಡೋದು ಹೇಗೆ ಅಂತ ನೋಡೋಣ." ಬಹಳ ಸಂಸ್ಕಾರದ ಮಾತು, ತಪ್ಪೇನಿಲ್ಲ. ಆದರೆ ನಾನು ಗಡಿಯಾರ ಹಿಡಿದು ಓದಿ ನೋಡಿದೆ. 'ರಾಗಿ' ಅನ್ನೋ ಪದ ಬಾಯಿಗೆ ಬರೋ ಹೊತ್ತಿಗೆ ಐದು ಸೆಕೆಂಡ್ ಹತ್ತಿರ ಆಗಿತ್ತು. ಮೊಬೈಲ್ ಹಿಡಿದವರ ಹೆಬ್ಬೆರಳು ಅಷ್ಟು ಹೊತ್ತು ಕಾಯುತ್ತಾ ಸ್ವಾಮಿ? ಮನೆಗೆ ಬಂದ ನೆಂಟರಿಗೆ ಸ್ವಾಗತ ಬೇಕು. ಇವರು ನೆಂಟರಲ್ಲ, ಬಾಗಿಲ ಮುಂದೆ ನಡೆದುಹೋಗ್ತಿರೋ ದಾರಿಹೋಕರು. ಅವರಿಗೆ ಮೊದಲು ಒಲೆ ಮೇಲಿನ ಘಮ ಬರಬೇಕು.

ಮೂರು ಸೆಕೆಂಡಿಗೆ ಕನ್ನಡದಲ್ಲಿ ಎಷ್ಟು ಪದ ಹಿಡಿಸುತ್ತೆ ಗೊತ್ತಾ? ಇಷ್ಟು ವರ್ಷ ಸುದ್ದಿ ಓದಿದ ಅನುಭವದಲ್ಲಿ ಹೇಳ್ತೀನಿ, ಸ್ಪಷ್ಟವಾಗಿ ಓದಿದರೆ ಐದು, ಹೆಚ್ಚೆಂದರೆ ಏಳು. ನಮ್ಮ ಪದಗಳು ಉದ್ದ. 'ತೋರಿಸಿಕೊಡ್ತೀನಿ' ಅನ್ನೋ ಒಂದೇ ಪದಕ್ಕೆ ಒಂದು ಸೆಕೆಂಡ್ ಹೋಗುತ್ತೆ. ಇನ್ನೊಂದು ವಿಷಯ, ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತೆ. ಅಡುಗೆ ವಿಡಿಯೊದಲ್ಲಿ ಆ ಕೊನೆ ಯಾವಾಗಲೂ ಒಂದೇ: ತೋರಿಸ್ತೀನಿ, ನೋಡೋಣ, ಹೇಳಿಕೊಡ್ತೀನಿ. ಕ್ಯಾಮೆರಾ ಮುಂದೆ ನಿಂತವರು ತೋರಿಸದೆ ಇನ್ನೇನು ಮಾಡ್ತಾರೆ? ಆದ್ದರಿಂದ ವಾಕ್ಯದ ಬಾಲ ಕತ್ತರಿಸಿ, ವಿಷಯವನ್ನ ಮೊದಲ ಪದಕ್ಕೆ ತನ್ನಿ. ನಾವು ಸುದ್ದಿಯ ಶೀರ್ಷಿಕೆ ಬರೆಯೋದೂ ಹಾಗೇ.

ಅಷ್ಟರಲ್ಲಿ ಚಿಕ್ಕಮ್ಮನ ಮಗ, ನನ್ನ ತಮ್ಮ, ಎರಡು ಸಾಲು ಬರೆದು ಕಳಿಸಿದ. ಒಂದು, "ಈ ಮುದ್ದೆ ನೋಡಿದ್ರೆ ಶಾಕ್ ಆಗ್ತೀರ!" ಇನ್ನೊಂದು, "ಸಕ್ಕರೆ ಕಾಯಿಲೆ ಮಾಯ ಮಾಡೋ ಮುದ್ದೆ!" ಎರಡೂ ಮೂರು ಸೆಕೆಂಡ್ ಒಳಗೇ ಮುಗಿಯುತ್ತೆ. "ಅಣ್ಣಾ, ನಿಮ್ಮ ಚಾನೆಲ್‌ನಲ್ಲಿ ಬರೋದೇ ಹೀಗಲ್ವಾ?" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ ವೀಕ್ಷಕರೇ. ಬೆಚ್ಚಿಬೀಳಿಸೋ ಸುದ್ದಿ ಅಂತ ಅರ್ಧ ಗಂಟೆ ಕೂರಿಸಿ ಏನೂ ಇಲ್ಲದ್ದನ್ನ ತೋರಿಸಿದ ಪಾಪದಲ್ಲಿ ನನಗೂ ಪಾಲಿದೆ.

ಮೊದಲನೇ ಸಾಲು ಬರೀ ಟೊಳ್ಳು. ಎರಡನೇದು ಅಪಾಯ. ರಾಗಿಯಲ್ಲಿ ನಾರಿನಂಶ ಇದೆ ನಿಜ, ಆದರೆ ಮುದ್ದೆಯಲ್ಲಿ ಹೆಚ್ಚಿರೋದು ಪಿಷ್ಟವೇ. ಅದು ಊಟ, ಔಷಧಿ ಅಲ್ಲ. ಆ ಸಾಲು ನಂಬಿ ಯಾರೋ ಒಬ್ಬರು ಮಾತ್ರೆ ಬಿಟ್ಟರೆ? ಚಿಕ್ಕಮ್ಮ ಒಂದೇ ಮಾತು ಹೇಳಿದರು: "ನಿಮ್ಮ ಚಿಕ್ಕಪ್ಪ ದಿನಾ ಮುದ್ದೆ ಉಂಡೇ ಶುಗರ್ ಮಾತ್ರೆ ನುಂಗ್ತಾರೆ ಕಣಪ್ಪ. ನಾನು ಹೆಂಗೆ ಆ ಮಾತು ಆಡ್ಲಿ?" ಅಲ್ಲಿಗೆ ಆ ಸಾಲು ಕಸದಬುಟ್ಟಿಗೆ ಹೋಯ್ತು.

ಹಾಗಾದರೆ ನಿಜ ಹೇಳಿಯೂ ನಿಲ್ಲಿಸೋದು ಹೇಗೆ? ನಾನು ಚಿಕ್ಕಮ್ಮನನ್ನ ಕೇಳಿದೆ, "ಮುದ್ದೆ ಕೆಟ್ಟಾಗ ಹೊಸಬರು ನಿನ್ನ ಹತ್ತಿರ ಬಂದು ಏನಂತಾರೆ?" ತಕ್ಷಣ ಉತ್ತರ ಬಂತು: "ಗಂಟಾಯ್ತು ಅಂತಾರೆ. ತಿರುವೋಕೆ ಕೈಲಿ ಶಕ್ತಿ ಸಾಲದು ಅಂತ ಅಂದ್ಕೊತಾರೆ. ತಪ್ಪು ಕೈಯದಲ್ಲ ಮಗಾ, ಎಸರಿಂದು."

ಸಾಲು ಸಿಕ್ಕಿಬಿಡ್ತು! "ಮುದ್ದೇಲಿ ಗಂಟಾ? ತಪ್ಪು ಕೈಯದಲ್ಲ, ಎಸರಿನದು." ಐದೇ ಪದ. ಮೊದಲ ಪದದಲ್ಲೇ ಮುದ್ದೆ ಬಂತು. ಎರಡನೇದರಲ್ಲಿ ನೋಡುಗರ ಸಂಕಟ. ಆಮೇಲೆ ಅವರು ಅಂದುಕೊಂಡಿದ್ದು ತಪ್ಪು ಅನ್ನೋ ಸುದ್ದಿ. ಎಸರಲ್ಲಿ ಏನು ತಪ್ಪು ಅನ್ನೋದನ್ನ ಮಾತ್ರ ಹೇಳಿಲ್ಲ. ಹೆಬ್ಬೆರಳು ನಿಲ್ಲೋದು ಆ ಒಂದು ಖಾಲಿ ಜಾಗಕ್ಕೆ.

ಸಾಲೊಂದೇ ಸಾಲದು, ಚಿತ್ರವೂ ಅದನ್ನೇ ಹೇಳಬೇಕು. ಮೊದಲ ವಿಡಿಯೊದಲ್ಲಿ ಚಿಕ್ಕಮ್ಮ ಕೈಮುಗಿದು ನಿಂತಿದ್ದರು. ಈಗ ಬೇಕಂತಲೇ ಒಂದು ಮುದ್ದೆ ಕೆಡಿಸಿ, ಕ್ಯಾಮೆರಾ ಹತ್ತಿರ ಹಿಡಿದು ಮುರಿದರು. ಒಳಗೆ ಒಣಹಿಟ್ಟಿನ ಗಂಟು ಕಾಣ್ತು. 'ಗಂಟಾ?' ಅನ್ನೋ ಮಾತೂ ಆ ಮುರಿಯೋ ಕ್ಷಣವೂ ಒಟ್ಟಿಗೆ ಬರಬೇಕು. ಬಸ್ಸಲ್ಲಿ, ಮಗು ಮಲಗಿರೋ ಕೋಣೆಯಲ್ಲಿ ಧ್ವನಿ ಇಲ್ಲದೆ ನೋಡೋರೂ ಇದ್ದಾರಲ್ಲ, ಅವರಿಗಾಗಿ ಅದೇ ಮಾತನ್ನ ದಪ್ಪ ಅಕ್ಷರದಲ್ಲಿ ಪರದೆ ಮೇಲೂ ಹಾಕಿದೆವು. ತೀರಾ ಕೆಳಗೆ ಹಾಕಬೇಡಿ. ಅಲ್ಲಿ ಚಾನೆಲ್ ಹೆಸರು, ವಿಡಿಯೊ ಹೆಸರು ಬಂದು ಅಕ್ಷರ ಮುಚ್ಚಿಹೋಗುತ್ತೆ.

ಇನ್ನು ಕೊಟ್ಟ ಮಾತು ಉಳಿಸಿಕೊಳ್ಳಬೇಕು, ಅದೂ ಬೇಗ. ನಾಲ್ಕನೇ ಸೆಕೆಂಡಿಗೇ ಚಿಕ್ಕಮ್ಮ ಎಸರಿಗೆ ಬಂದರು. ಕುದಿಯೋ ನೀರಿಗೆ ಒಣಹಿಟ್ಟು ಬಿದ್ದ ಕೂಡಲೇ ಕದಡಿದರೆ ಹೊರಗಿನ ಪದರ ಬೆಂದು ಅಂಟಾಗುತ್ತೆ, ಒಳಗಿನ ಹಿಟ್ಟಿಗೆ ನೀರು ಹೋಗೋದಿಲ್ಲ, ಅದೇ ಗಂಟು. ಅದಕ್ಕೆ ಒಂದು ಲೋಟ ಹಿಟ್ಟಿಗೆ ಸುಮಾರು ಎರಡು ಲೋಟ ನೀರು. ನೀರು ತಣ್ಣಗಿರುವಾಗಲೇ ಒಂದು ಚಮಚ ಹಿಟ್ಟು ಕದಡಿ ಕುದಿಸಿ. ಎಸರು ತೆಳು ಗಂಜಿಯಂತಾದ ಮೇಲೆ ಉಳಿದ ಹಿಟ್ಟನ್ನ ಗುಡ್ಡೆಯಾಗಿ ಸುರಿದು, ಕದಡದೆ, ಸಣ್ಣ ಉರಿಯಲ್ಲಿ ನಾಲ್ಕೈದು ನಿಮಿಷ ಬೇಯಲು ಬಿಡಿ. ಆಮೇಲೆ ಕೋಲು ಹಾಕಿ ತಿರುವಿ.

ಸಾಲು ಕೆಲಸ ಮಾಡ್ತಾ ಅಂತ ಹೇಗೆ ತಿಳಿಯೋದು? ಚಾನೆಲ್ ನಡೆಸೋರಿಗೆ ಯೂಟ್ಯೂಬ್ ಒಂದು ಗೆರೆ ತೋರಿಸುತ್ತೆ, ಯಾವ ಸೆಕೆಂಡಿನಲ್ಲಿ ಎಷ್ಟು ಜನ ಉಳಿದಿದ್ದಾರೆ ಅಂತ. ಮೊದಲ ಮೂರು ಸೆಕೆಂಡಲ್ಲೇ ಗೆರೆ ಬಿದ್ದರೆ ಸಾಲನ್ನೋ ಮೊದಲ ಚಿತ್ರವನ್ನೋ ಬದಲಿಸಿ. ಅಲ್ಲಿ ನಿಂತು ಹತ್ತನೇ ಸೆಕೆಂಡಿಗೆ ಬಿದ್ದರೆ ಸಾಲಿನ ತಪ್ಪಲ್ಲ, ಕೊಟ್ಟ ಮಾತು ತಡವಾಗಿದೆ. ತಮ್ಮನ 'ಶಾಕ್' ಸಾಲು ಹಾಕಿದ್ದರೆ ಆಗ್ತಿದ್ದದ್ದು ಇದೇ. ಜನ ನಿಲ್ತಿದ್ದರು, ಬೈದು ಹೋಗ್ತಿದ್ದರು.

ಚಿಕ್ಕಮ್ಮನ ಹೊಸ ವಿಡಿಯೊ ಊರೆಲ್ಲ ಸುತ್ತಿಬಂತು ಅಂತ ಸುಳ್ಳು ಹೇಳಲ್ಲ. ಆದರೆ ಈ ಸಲ ಮೊದಲ ಕಾಮೆಂಟ್ ಬರೆದವರು ನೆಂಟರಲ್ಲ. "ಅಮ್ಮಾ, ಇವತ್ತು ಗಂಟಾಗಲಿಲ್ಲ" ಅಂತ ಬರೆದಿದ್ದರು. ಅದನ್ನ ಫೋನಲ್ಲಿ ಓದಿ ಹೇಳಿದ ಚಿಕ್ಕಮ್ಮ, ಕೊನೆಗೆ ಕೇಳಿದರು: "ನೀನೂ ಇವತ್ತು ರಾತ್ರಿ ಇರೋದನ್ನೇ ಹೇಳ್ತೀಯಲ್ಲ ಮಗಾ?"

ಪ್ರಯತ್ನ ಮಾಡ್ತೀನಿ.