ಕಡ್ಡಿ ನಾಲ್ಕಿದ್ದರೂ ಇಂಟರ್‌ನೆಟ್ ಏಕೆ ತೆವಳುತ್ತದೆ?



ಕಾರವಾರದಿಂದ ಅಂಕೋಲೆಯ ಕಡೆಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಹೊರಟರೆ ಬಿಣಗಾ, ಅರ್ಗಾ, ಚೆಂಡಿಯಾ, ತೋಡೂರು ದಾಟಿದ ಮೇಲೆ ಅಮದಳ್ಳಿ ಸಿಗುತ್ತದೆ. ವೀರಗಣಪತಿಯ ದೇವಸ್ಥಾನದಿಂದಾಗಿ ಈ ಊರಿನ ಹೆಸರನ್ನು ಹಲವರು ಕೇಳಿದ್ದೀರಿ. ಇಲ್ಲಿ ಸಹ್ಯಾದ್ರಿಯ ಗುಡ್ಡಗಳು ಸಮುದ್ರದ ತೀರಾ ಹತ್ತಿರಕ್ಕೆ ಬಂದು ನಿಂತಿವೆ. ಗುಡ್ಡಕ್ಕೂ ಕಡಲಿಗೂ ನಡುವೆ ಉಳಿದ ಕಿರಿದಾದ ಪಟ್ಟಿಯಲ್ಲೇ ಹೆದ್ದಾರಿ, ರೈಲು ಹಳಿ, ಗದ್ದೆ, ತೆಂಗಿನ ತೋಟ, ಮನೆ ಎಲ್ಲವೂ ಇರಬೇಕು. ಇಂಥ ಊರಿನಲ್ಲಿ ತಂತಿಯ ಸಂಪರ್ಕ ಬಾರದ ಮನೆಗಳಿಗೆ ಮೊಬೈಲ್ ಫೋನೇ ಇಂಟರ್‌ನೆಟ್. ಅದು ಕೈಕೊಟ್ಟರೆ ಬೇರೆ ದಾರಿ ಇಲ್ಲ.

ಅಂಥ ಒಂದು ಮನೆಯನ್ನು ಇಂದು ಉದಾಹರಣೆಗೆ ಇಟ್ಟುಕೊಳ್ಳೋಣ. ಚಿರೇಕಲ್ಲಿನ ಗೋಡೆ, ಹಂಚಿನ ಮಾಡು, ಮುಂದೆ ಮಳೆಗಾಲಕ್ಕೆಂದು ಹಾಕಿಸಿದ ತಗಡಿನ ಚಪ್ಪರ. ಮಗಳು ಬೆಂಗಳೂರಿನ ಕಚೇರಿಯ ಕೆಲಸವನ್ನು ಮನೆಯಿಂದಲೇ ಮಾಡುತ್ತಾಳೆ. ಬೆಳಿಗ್ಗೆ ಎಲ್ಲ ಸರಿ. ರಾತ್ರಿ ಎಂಟೂವರೆಯ ಮೀಟಿಂಗಿನಲ್ಲಿ ಮಾತ್ರ ಮುಖಗಳು ಕಲ್ಲಾಗುತ್ತವೆ, ಮಾತು ತುಂಡಾಗುತ್ತದೆ. ಫೋನಿನಲ್ಲಿ ನಾಲ್ಕು ಕಡ್ಡಿ ಹಾಗೆಯೇ ನಿಂತಿರುತ್ತವೆ. ಕಾರವಾರದಲ್ಲಿ ಬಾಡಿಗೆ ಕೋಣೆ ಹಿಡಿಯಬೇಕೇ ಎಂಬ ಮಾತು ಮನೆಯಲ್ಲಿ ಎದ್ದಿದೆ. ಹಾಗೆ ಮಾಡುವ ಮೊದಲು ತೊಂದರೆ ಎಲ್ಲಿದೆ ಎಂದು ಹುಡುಕುವುದು ಹೇಗೆ?

ಮೊದಲು ಒಂದು ಸಣ್ಣ ವಿಷಯವನ್ನು ಬದಿಗೆ ಸರಿಸಿಬಿಡಿ. ಹಲವು ಯೋಜನೆಗಳಲ್ಲಿ ದಿನಕ್ಕೆ ಇಷ್ಟು ಜಿಬಿ ಎಂಬ ಮಿತಿ ಇರುತ್ತದೆ. ಅದು ಮುಗಿದ ಮೇಲೆ ವೇಗವನ್ನು ಸಾಮಾನ್ಯವಾಗಿ ಸೆಕೆಂಡಿಗೆ 64 ಕಿಲೋಬಿಟ್‌ಗೆ ಇಳಿಸುತ್ತಾರೆ. ಬೆಳಿಗ್ಗೆ ಸರಿ, ರಾತ್ರಿ ಇಲ್ಲ ಎನ್ನುವ ದೂರುಗಳಲ್ಲಿ ಒಂದು ಪಾಲು ಇದೇ ಆಗಿರುತ್ತದೆ. ಮಿತಿ ಇನ್ನೂ ಉಳಿದಿದೆ ಎಂದು ಖಚಿತವಾದರೆ ಮುಂದೆ ಹೋಗೋಣ.

ಆ ಕಡ್ಡಿಗಳನ್ನು ನಾನು ಹೆಚ್ಚು ನಂಬುವುದಿಲ್ಲ. ಎಷ್ಟು ಬಲಕ್ಕೆ ಎಷ್ಟು ಕಡ್ಡಿ ಎಂಬುದನ್ನು ಫೋನ್ ತಯಾರಿಸುವವರು ತಮಗೆ ಬೇಕಾದಂತೆ ಇಟ್ಟುಕೊಳ್ಳುತ್ತಾರೆ. ನಿಜವಾದ ಅಳತೆ ಡಿಬಿಎಂ ಎಂಬ ಮಾನದಲ್ಲಿದೆ. ಆಂಡ್ರಾಯ್ಡ್ ಫೋನುಗಳಲ್ಲಿ ಸಾಮಾನ್ಯವಾಗಿ Settings ಒಳಗೆ About phone, ಅದರೊಳಗೆ SIM status ಎಂಬಲ್ಲಿ Signal strength ಎಂದು ಅದು ಕಾಣುತ್ತದೆ. ಐಫೋನಿನಲ್ಲಿ `*3001#12345#*` ಎಂದು ಒತ್ತಿ ಕರೆ ಗುಂಡಿ ಅದುಮಿದರೆ ಪರೀಕ್ಷಾ ಪುಟ ತೆರೆಯುತ್ತದೆ. 4ಜಿಯಲ್ಲಿ ಈ ಅಳತೆಯ ಹೆಸರು RSRP. ಅಂಕಿಯ ಹಿಂದೆ ಋಣ ಚಿಹ್ನೆ ಇರುವುದರಿಂದ ಅಂಕಿ ಚಿಕ್ಕದಾದಷ್ಟೂ ಬಲ ಹೆಚ್ಚು. −85ರ ಆಸುಪಾಸು ಬಲವಾದದ್ದು, −100 ನಡೆಯುತ್ತದೆ, −110 ದಾಟಿದರೆ ಕಷ್ಟ, −120ರ ಬಳಿ ಸಂಪರ್ಕ ಕಡಿಯುತ್ತಿರುತ್ತದೆ. ಮೂರು ಅಂಕ ಇಳಿದರೆ ಬಲ ಅರ್ಧವಾಯಿತು, ಹತ್ತು ಇಳಿದರೆ ಹತ್ತನೇ ಒಂದು ಪಾಲಾಯಿತು ಎಂದು ನೆನಪಿಟ್ಟುಕೊಂಡರೆ ಸಾಕು.

ನಮ್ಮ ಮನೆಯ ಮಗಳು ಬೆಳಿಗ್ಗೆ ಐದೂವರೆಗೆ ಮೇಜಿನ ಮೇಲೆ ಫೋನಿಟ್ಟು ನೋಡಿದಳು ಎನ್ನಿ. ಬಲ −86, ವೇಗ ಸೆಕೆಂಡಿಗೆ 18 ಮೆಗಾಬಿಟ್. ರಾತ್ರಿ ಒಂಬತ್ತಕ್ಕೆ ಅದೇ ಮೇಜು, ಅದೇ −86, ವೇಗ ಒಂದೂವರೆ ಮೆಗಾಬಿಟ್. ಈ ಎರಡು ಸಾಲುಗಳಲ್ಲೇ ಮುಕ್ಕಾಲು ಉತ್ತರ ಇದೆ. ಬಲ ಬದಲಾಗಿಲ್ಲ, ಆದ್ದರಿಂದ ಗೋಡೆ, ಮರ, ಗುಡ್ಡ ಯಾವುದೂ ಕಾರಣವಲ್ಲ. ರಾತ್ರಿ ಬದಲಾದದ್ದು ಆ ಟವರನ್ನು ಹಂಚಿಕೊಂಡವರ ಸಂಖ್ಯೆ.

ಹಂಚಿಕೊಳ್ಳುವುದು ಏನನ್ನು? ಇಲ್ಲಿಂದ ಬ್ಯಾಂಡಿನ ವಿಷಯ ಬರುತ್ತದೆ. ಒಂದು ಟವರಿನ ಮೇಲೆ ಒಂದೇ ಕಂಪನಿ ಹಲವು ಬ್ಯಾಂಡುಗಳನ್ನು, ಎಂದರೆ ಬೇರೆ ಬೇರೆ ಆವರ್ತನದ ತರಂಗಗಳನ್ನು, ಬಿಟ್ಟಿರುತ್ತದೆ. ಜಿಯೋದ 4ಜಿ 850, 1800 ಮತ್ತು 2300 ಮೆಗಾಹರ್ಟ್ಜ್‌ಗಳಲ್ಲಿದೆ. ಫೋನಿನ ಭಾಷೆಯಲ್ಲಿ ಅವು ಬ್ಯಾಂಡ್ 5, 3 ಮತ್ತು 40. ಏರ್‌ಟೆಲ್ ಕರ್ನಾಟಕದಲ್ಲಿ 900, 1800, 2100, 2300ರಲ್ಲಿ, ಎಂದರೆ ಬ್ಯಾಂಡ್ 8, 3, 1, 40ರಲ್ಲಿ ಕೊಡುತ್ತದೆ. ಬಿ.ಎಸ್.ಎನ್.ಎಲ್.ನ ಸ್ವದೇಶಿ 4ಜಿ 700 ಮತ್ತು 2100ರಲ್ಲಿ, ಎಂದರೆ ಬ್ಯಾಂಡ್ 28 ಮತ್ತು 1ರಲ್ಲಿ. ಪ್ರತಿ ಟವರಿನಲ್ಲೂ ಎಲ್ಲವೂ ಇರುವುದಿಲ್ಲ. ನಿಮ್ಮ ಊರಿನ ಟವರಿನಲ್ಲಿ ಯಾವುದಿದೆ ಎಂಬುದನ್ನು NetMonster ನಂಥ ಆ್ಯಪ್ ತೋರಿಸುತ್ತದೆ.

850, 900ರಂಥ ಕೆಳಗಿನ ಬ್ಯಾಂಡುಗಳು ದೂರ ಹೋಗುತ್ತವೆ, ಚಿರೇಕಲ್ಲಿನ ಗೋಡೆಯನ್ನೂ ಒಂದಿಷ್ಟು ದಾಟುತ್ತವೆ. ಬಯಲಿನಲ್ಲೇ 2300ರ ತರಂಗ ಅದೇ ದೂರದಲ್ಲಿ 850ಕ್ಕಿಂತ ಎಂಟೊಂಬತ್ತು ಡಿಬಿ ಹೆಚ್ಚು ಕ್ಷೀಣಿಸಿರುತ್ತದೆ. ನಡುವೆ ತೆಂಗಿನ ತೋಟವೋ ಗೋಡೆಯೋ ಬಂದರೆ ಅಂತರ ಇನ್ನೂ ಹೆಚ್ಚುತ್ತದೆ. ಆದರೆ ಕೆಳಗಿನ ಬ್ಯಾಂಡಿನ ರಸ್ತೆ ಕಿರಿದು. ಅಲ್ಲಿ ಒಂದು ಕಂಪನಿಗೆ 5 ಮೆಗಾಹರ್ಟ್ಜ್ ಅಗಲ ಸಿಕ್ಕಿದ್ದರೆ ಮೇಲಿನ ಬ್ಯಾಂಡಿನಲ್ಲಿ 20 ಮೆಗಾಹರ್ಟ್ಜ್ ಇರಬಹುದು. ಐದರ ಅಗಲದಲ್ಲಿ ಎಲ್ಲರಿಗೂ ಸೇರಿ 20 ಮೆಗಾಬಿಟ್ ಹರಿಯುತ್ತದೆ ಎಂದುಕೊಳ್ಳಿ. ರಾತ್ರಿ ಊಟದ ಹೊತ್ತಿಗೆ ಹದಿನೈದು ಮನೆಗಳಲ್ಲಿ ವಿಡಿಯೊ ಶುರುವಾದರೆ ತಲಾ ಒಂದೂಕಾಲು, ಒಂದೂವರೆ ಮೆಗಾಬಿಟ್ ಮಾತ್ರ. ಇನ್ನೊಂದು ವಿಚಿತ್ರವೂ ಇದೆ. ಗುಡ್ಡದ ಮರೆಯಲ್ಲಿ ಬಲ ಕಡಿಮೆ ಇರುವ ಫೋನಿಗೆ ಅಷ್ಟೇ ದತ್ತಾಂಶ ಕಳಿಸಲು ಟವರು ಹೆಚ್ಚು ಹೊತ್ತು ವ್ಯಯಿಸಬೇಕು. ಮೂಲೆಯ ಕೇರಿಯ ನಾಲ್ಕು ಫೋನುಗಳು ಉಳಿದವರ ಪಾಲನ್ನೂ ತಿನ್ನುತ್ತವೆ. ಅವರ ತಪ್ಪೇನೂ ಅಲ್ಲ ಅನ್ನಿ.

ಹಾಗಾದರೆ ಕಡ್ಡಿ ಹೆಚ್ಚು ತೋರಿಸುವ ಬ್ಯಾಂಡೇ ಹೆಚ್ಚು ಜನ ತುಂಬಿದ ಬ್ಯಾಂಡೂ ಆಗಿರಬಹುದು. ಗೋಡೆಯೊಳಗೆ ಕುಳಿತ ಫೋನುಗಳೆಲ್ಲ ಕೊನೆಗೆ ಅದರ ಮೇಲೆಯೇ ಬಂದು ಬೀಳುತ್ತವೆ. ಹಿಂದೆ ದೂರದರ್ಶನದ ಆಂಟೆನಾವನ್ನು ಒಬ್ಬರು ಮಾಡಿನ ಮೇಲೆ ತಿರುಗಿಸುತ್ತ, "ಬಂತೇನೋ?" ಎಂದು ಕೂಗುತ್ತ ಸರಿಪಡಿಸುತ್ತಿದ್ದರಲ್ಲ, ಆಗ ಚಿತ್ರ ಬಂದರೆ ಬಂತು. ನೆರೆಯವರು ಟಿ.ವಿ. ಹಾಕಿದರೆ ನಮ್ಮ ಚಿತ್ರ ಮಸುಕಾಗುತ್ತಿರಲಿಲ್ಲ. ಮೊಬೈಲಿನಲ್ಲಿ ಆ ಲೆಕ್ಕ ನಡೆಯುವುದಿಲ್ಲ.

ಈಗ ನಮ್ಮ ಮಗಳು ಮಾಡಬೇಕಾದ ಪರೀಕ್ಷೆ. ಆ್ಯಪ್ ತೆರೆದಾಗ ಮೇಜಿನ ಮೇಲೆ ಬ್ಯಾಂಡ್ 5 ಎಂದು ಕಂಡಿತು. ಹೆದ್ದಾರಿಯ ಕಡೆಯ ಕಿಟಕಿಗೆ, ತಗಡಿನ ಚಪ್ಪರದ ಮರೆಯಿಂದ ಆಚೆಗೆ ಫೋನನ್ನು ಒಯ್ದಳು. ಕಬ್ಬಿಣದ ತಗಡು ಈ ತರಂಗಗಳಿಗೆ ಬಹುತೇಕ ಮುಚ್ಚಿದ ಬಾಗಿಲು. ಅಲ್ಲಿ ಒಂದು ನಿಮಿಷ ವಿಮಾನ ಸ್ಥಿತಿಗೆ ಹಾಕಿ ತೆಗೆದಾಗ ಫೋನು ಹೊಸದಾಗಿ ಟವರನ್ನು ಹುಡುಕಿ ಬ್ಯಾಂಡ್ 40ನ್ನು ಹಿಡಿಯಿತು. ಬಲ −104. ಕಡ್ಡಿ ಎರಡೇ. ಆದರೆ ರಾತ್ರಿ ಒಂಬತ್ತಕ್ಕೆ ವೇಗ 12 ಮೆಗಾಬಿಟ್. ಮೀಟಿಂಗಿಗೆ ಇದು ಧಾರಾಳ. ಫೋನು ಕಿಟಕಿಯಲ್ಲೇ ಇರಲಿ, ಹಾಟ್‌ಸ್ಪಾಟ್ ಹಾಕಿ ಲ್ಯಾಪ್‌ಟಾಪನ್ನು ಒಳಕೋಣೆಯಲ್ಲಿ ಇಟ್ಟುಕೊಳ್ಳಬಹುದು. ಹಾಟ್‌ಸ್ಪಾಟಿನ 2.4 ಗಿಗಾಹರ್ಟ್ಜ್ ಆಯ್ಕೆ ಒಂದು ಗೋಡೆಯನ್ನು ಸಾಮಾನ್ಯವಾಗಿ ದಾಟುತ್ತದೆ. ಬಿಸಿಲು ಬೀಳುವ ಕಿಟಕಿಯಲ್ಲಿ ಚಾರ್ಜಿಗೆ ಹಾಕಿ ಇಡಬೇಡಿ. ಫೋನ್ ಕಾದರೆ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ.

ಎಲ್ಲ ಬ್ಯಾಂಡುಗಳಲ್ಲೂ ರಾತ್ರಿ ಒಂದೇ ರೀತಿ ತೆವಳಿದರೆ ಏನು ತಿಳಿಯಬೇಕು? ಆಗ ಇಕ್ಕಟ್ಟು ಹೆಚ್ಚಾಗಿ ಗಾಳಿಯಲ್ಲಲ್ಲ, ಟವರಿನಿಂದ ಹಿಂದಕ್ಕೆ ಹೋಗುವ ಮಾರ್ಗದಲ್ಲಿರುತ್ತದೆ. ಅದು ಫೈಬರ್ ಕೇಬಲ್ ಆಗಿರಬಹುದು, ಇಲ್ಲವೇ ಗುಡ್ಡದಿಂದ ಗುಡ್ಡಕ್ಕೆ ಹಾರಿಸುವ ಮೈಕ್ರೋವೇವ್ ಕೊಂಡಿಯಾಗಿರಬಹುದು. ಇದಕ್ಕೆ ನಿಮ್ಮ ಫೋನಿನಲ್ಲಿ ಮದ್ದಿಲ್ಲ. ಬೇರೆ ಕಂಪನಿಯ ಸಿಮ್ ಒಂದನ್ನು ಅದೇ ಕಿಟಕಿಯಲ್ಲಿ, ಅದೇ ರಾತ್ರಿ ಒಂಬತ್ತಕ್ಕೆ ಪರೀಕ್ಷಿಸಿ ನೋಡುವುದೇ ದಾರಿ. ಹಗಲು ಹನ್ನೊಂದಕ್ಕೆ ನೋಡಿ ಸಿಮ್ ಬದಲಿಸಿದವರಿಗೆ ಏನೂ ಗೊತ್ತಾಗಿರುವುದಿಲ್ಲ.

ಮಳೆಯ ಬಗ್ಗೆಯೂ ಒಂದು ಮಾತು. ಆಷಾಢದಲ್ಲಿ ನೆಟ್ ಹೋದರೆ ಮಳೆ ಸಿಗ್ನಲನ್ನು ತಡೆಯಿತು ಎನ್ನುತ್ತೇವೆ. ಈ ಆವರ್ತನಗಳಲ್ಲಿ ಮಳೆಹನಿ ಮಾಡುವ ನಷ್ಟ ತೀರಾ ಅಲ್ಪ. ತೊಯ್ದ ಎಲೆಗಳು ಒಂದಿಷ್ಟು ಹೀರುತ್ತವೆ. ಅದಕ್ಕಿಂತ ಹೆಚ್ಚಾಗಿ ಕರೆಂಟು ಹೋಗಿ ಟವರಿನ ಬ್ಯಾಟರಿ ಬರಿದಾಗಿರುತ್ತದೆ, ಇಲ್ಲವೇ ಹೆಚ್ಚಿನ ಆವರ್ತನದ ಆ ಮೈಕ್ರೋವೇವ್ ಕೊಂಡಿ ಜಡಿಮಳೆಗೆ ಸೋತಿರುತ್ತದೆ. ಗುರುತಿಸುವುದು ಸುಲಭ. RSRP ಎಂದಿನಂತಿದ್ದು ಏನೂ ತೆರೆಯದಿದ್ದರೆ ಸಂದೇಹ ಕೊಂಡಿಯ ಮೇಲೆ. ಎಂದಿನ ಟವರಿನ ಬದಲು ದೂರದ ಯಾವುದೋ ಟವರು −115ರಲ್ಲಿ ಕಂಡರೆ ಹತ್ತಿರದ್ದು ಆರಿದೆ.

ಕಿಟಕಿಯಲ್ಲಿಟ್ಟ ಫೋನು ಅರ್ಧ ಗಂಟೆಯ ನಂತರ ತಾನಾಗಿ ಬ್ಯಾಂಡ್ 5ಕ್ಕೆ ಮರಳಿತು ಎನ್ನಿ. ಇದು ಆಗುವಂಥದ್ದೇ. ಯಾವ ಬ್ಯಾಂಡು ಎಂಬುದನ್ನು ಟವರು ತನ್ನ ನಿಯಮದಂತೆ ನಿರ್ಧರಿಸುತ್ತದೆ, ಬಲ ಒಂದು ಮಟ್ಟಕ್ಕಿಂತ ಇಳಿದರೆ ಕೆಳಗಿನ ಬ್ಯಾಂಡಿಗೆ ತಳ್ಳುತ್ತದೆ. ಆಗ ಬ್ಯಾಂಡನ್ನು ಕಟ್ಟಿಹಾಕುವ ಪ್ರಶ್ನೆ ಬರುತ್ತದೆ. ಮೀಡಿಯಾಟೆಕ್ ಚಿಪ್ ಇರುವ ಕೆಲವು ಫೋನುಗಳಲ್ಲಿ `*#*#3646633#*#*` ಒತ್ತಿದರೆ ಎಂಜಿನಿಯರುಗಳ ಪುಟ ತೆರೆದು, ಅಲ್ಲಿ BandMode ಎಂಬ ಕಡೆ ಸಿಮ್ ಆರಿಸಿ ಬೇಡದ ಬ್ಯಾಂಡುಗಳ ಗುರುತು ತೆಗೆಯಬಹುದು. ಕೆಲವು ಸ್ಯಾಮ್‌ಸಂಗ್ ಫೋನುಗಳಲ್ಲಿ `*#2263#` ಇದೆ. ಹಲವು ಮಾದರಿಗಳಲ್ಲಿ ಇವನ್ನು ಮುಚ್ಚಿದ್ದಾರೆ, ಐಫೋನಿನಲ್ಲಿ ಇಂಥ ಆಯ್ಕೆಯೇ ಇಲ್ಲ. `*#*#4636#*#*` ಪುಟದಲ್ಲಿ ಸಿಗುವ LTE only ಎಂಬುದು ಬ್ಯಾಂಡಿನ ಆಯ್ಕೆಯಲ್ಲ, 4ಜಿ ಬಿಟ್ಟು ಬೇರೆಯದಕ್ಕೆ ಹೋಗಬೇಡ ಎಂಬ ಅಪ್ಪಣೆ ಮಾತ್ರ. 4ಜಿಯ ಮೇಲೆ ಕರೆ ಮಾಡುವ ಸೌಲಭ್ಯ ಇಲ್ಲದ ಸಿಮ್ಮಿನಲ್ಲಿ ಅದನ್ನು ಹಾಕಿದರೆ ಕರೆಗಳೇ ನಿಂತುಹೋಗುತ್ತವೆ.

ಕಟ್ಟಿಹಾಕುವ ಮೊದಲು ಪುಟದ ಚಿತ್ರ ತೆಗೆದಿಟ್ಟುಕೊಳ್ಳಿ, ಹಿಂದಕ್ಕೆ ಬರಲು ಅದೇ ದಾರಿ. ಆ ಪುಟದ ಬೇರೆ ಯಾವುದನ್ನೂ ಮುಟ್ಟಬೇಡಿ. ಬ್ಯಾಂಡ್ 40ಕ್ಕೆ ಕಟ್ಟಿದ ಫೋನನ್ನು ಕಿಸೆಯಲ್ಲಿಟ್ಟುಕೊಂಡು ಗುಡ್ಡದ ಕಡೆಯ ತೋಟಕ್ಕೆ ಹೋದರೆ ಅದು ಮೂಕವಾಗುತ್ತದೆ, ತುರ್ತು ಹೊತ್ತಿನಲ್ಲಿ ಮನೆಯವರಿಗೆ ಸಿಗುವುದಿಲ್ಲ. ಆದ್ದರಿಂದ ಮನೆ ಬಿಟ್ಟು ಹೋಗದ ಹಳೆಯ ಫೋನಿಗಷ್ಟೇ ಇದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಇನ್ನೊಂದು ನಷ್ಟವೂ ಇದೆ. 4ಜಿ+ ಎಂದು ತೋರಿಸುವಾಗ ಫೋನು ಎರಡು ಮೂರು ಬ್ಯಾಂಡುಗಳನ್ನು ಸೇರಿಸಿ ಬಳಸುತ್ತಿರುತ್ತದೆ. ಒಂದಕ್ಕೇ ಕಟ್ಟಿದರೆ ಆ ಲಾಭ ಹೋಗುತ್ತದೆ. ಹೀಗಾಗಿ ಒಂದನ್ನೇ ಉಳಿಸುವ ಬದಲು ಜನ ತುಂಬಿದ ಒಂದನ್ನು ಮಾತ್ರ ತೆಗೆದು ನೋಡುವುದು ಮೇಲು.

ಕಡೆಯದಾಗಿ, ಮೀಟಿಂಗಿನಲ್ಲಿ ಅವಳಿಗೆ ಬೇರೆಯವರು ಸರಿಯಾಗಿ ಕೇಳಿಸಿ, ಅವಳ ಮಾತು ಅವರಿಗೆ ತುಂಡಾಗುತ್ತಿದ್ದರೆ ಅಪ್‌ಲೋಡ್ ವೇಗವನ್ನು ಪ್ರತ್ಯೇಕವಾಗಿ ನೋಡಬೇಕು. ಟವರಿಗೆ ಶಕ್ತಿ ಬಹಳ, ಫೋನು ಸಾಮಾನ್ಯವಾಗಿ ಗರಿಷ್ಠ ಒಂದೈದನೇ ವಾಟಿನಲ್ಲಿ ಉತ್ತರ ಕೊಡಬೇಕು. ಅಲ್ಲದೆ ಬ್ಯಾಂಡ್ 40ರಲ್ಲಿ ಹೋಗುವುದಕ್ಕೂ ಬರುವುದಕ್ಕೂ ಒಂದೇ ದಾರಿ, ಅದರ ಹೆಚ್ಚಿನ ಸಮಯವನ್ನು ಡೌನ್‌ಲೋಡಿಗೆ ಮೀಸಲಿಟ್ಟಿರುತ್ತಾರೆ. −104ರಲ್ಲಿ ನಡೆದದ್ದು −112ರಲ್ಲಿ ನಡೆಯದಿರಬಹುದು. ಆಗ 1800ರ ಬ್ಯಾಂಡ್ 3 ಸಿಗುತ್ತದೆಯೇ ಎಂದು ಅದೇ ಕಿಟಕಿಯಲ್ಲಿ ನೋಡಿ. ಹೋಗುವ ದಾರಿ ಅಲ್ಲಿ ಬೇರೆಯೇ ಇದೆ, ಬಲವೂ ಸ್ವಲ್ಪ ಹೆಚ್ಚು ಉಳಿದಿರುತ್ತದೆ.