ಕಾರ್ಖಾನೆ ಎಲ್ಲಿದೆ? ಕಂಪನಿಗಳ ವಾರ್ಷಿಕ ದಾಖಲೆಗಳನ್ನು ಓದುವ ಬಗೆ

(ಕಡೇಚೂರಿನಲ್ಲಿ ಗ್ರಾಮ ಪಂಚಾಯಿತಿ ಸದಸ್ಯರು ಹಾಗೂ ಸಿಬ್ಬಂದಿಗಾಗಿ ನಡೆದ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ)

ಕೆಲವು ವರ್ಷಗಳ ಹಿಂದೆ ಒಂದು ಗ್ರಾಮದ ಪರವಾಗಿ ನಾನು ಒಂದು ಕಾರ್ಖಾನೆಯವರಿಗೆ ಪತ್ರ ಬರೆದಿದ್ದೆ. ಹಳ್ಳಕ್ಕೆ ಬಿಡುತ್ತಿದ್ದ ನೀರಿನ ಕುರಿತ ಪತ್ರವದು. ಅಂತರ್ಜಾಲದಲ್ಲಿ ಕಂಪನಿಯ ಹೆಸರು ಹುಡುಕಿ, ಮೊದಲು ಕಂಡ ವಿಳಾಸಕ್ಕೆ ನೋಂದಾಯಿತ ಅಂಚೆಯಲ್ಲಿ ಕಳುಹಿಸಿದೆ. ತಿಂಗಳ ಬಳಿಕ ಲಕೋಟೆ ಮರಳಿ ಬಂತು. ಅದೇ ಹೆಸರನ್ನು ಹೋಲುವ ಬೇರೊಂದು ಕಂಪನಿಗೆ ನಾನು ಬರೆದಿದ್ದೆ. ಗೇಟಿನ ಫಲಕವನ್ನು ಸರಿಯಾಗಿ ಓದಿದ್ದರೆ ಆ ತಿಂಗಳು ವ್ಯರ್ಥವಾಗುತ್ತಿರಲಿಲ್ಲ.

ಆದ್ದರಿಂದ ಫಲಕದಿಂದಲೇ ಆರಂಭಿಸುತ್ತೇನೆ. 2013ರ ಕಂಪನಿಗಳ ಕಾಯಿದೆಯ 12ನೆಯ ಪ್ರಕರಣದ ಪ್ರಕಾರ, ಕಂಪನಿಯು ತಾನು ವ್ಯವಹಾರ ನಡೆಸುವ ಪ್ರತಿಯೊಂದು ಸ್ಥಳದ ಹೊರಗೂ ತನ್ನ ಹೆಸರನ್ನೂ ನೋಂದಾಯಿತ ಕಚೇರಿಯ ವಿಳಾಸವನ್ನೂ ಎದ್ದು ಕಾಣುವಂತೆ ಬರೆಸಬೇಕು. ಅದು ಆ ಪ್ರದೇಶದ ಭಾಷೆಯ ಲಿಪಿಯಲ್ಲಿಯೂ ಇರಬೇಕು. ಎಂದರೆ ಕಡೇಚೂರು ಕೈಗಾರಿಕಾ ಪ್ರದೇಶದಲ್ಲಿ ಕನ್ನಡದಲ್ಲಿಯೂ ಇರಬೇಕು. ಕಂಪನಿಯ ಪತ್ರ, ಬಿಲ್ಲುಗಳ ಮೇಲೆ ಅದರ ಗುರುತಿನ ಸಂಖ್ಯೆ, ಅಂದರೆ ಸಿ.ಐ.ಎನ್., ಮುದ್ರಿತವಾಗಿರಬೇಕು. ಹೆಸರುಗಳು ಒಂದನ್ನೊಂದು ಹೋಲಬಹುದು, ಈ ಸಂಖ್ಯೆ ಹೋಲುವುದಿಲ್ಲ.

ಈ ಸಂಖ್ಯೆಯಲ್ಲಿ 21 ಅಕ್ಷರ ಮತ್ತು ಅಂಕೆಗಳಿರುತ್ತವೆ. ನೆರೆಯ ಸೇಡಂನ ವಾಸವದತ್ತಾ ಸಿಮೆಂಟ್ ಕಾರ್ಖಾನೆಯನ್ನು ತಾವೆಲ್ಲರೂ ಬಲ್ಲಿರಿ. ಅದನ್ನು ಬಹುಕಾಲ ನಡೆಸಿದ್ದು ಕೇಸೋರಾಂ ಇಂಡಸ್ಟ್ರೀಸ್. ಆ ಕಂಪನಿಯ ಸಂಖ್ಯೆ ಹೀಗಿದೆ:

```
L17119WB1919PLC003429
```

ಮೊದಲ L ಎಂದರೆ ಷೇರುಪೇಟೆಯಲ್ಲಿ ನೋಂದಣಿಯಾದ ಕಂಪನಿ. ನೋಂದಣಿಯಾಗದಿದ್ದರೆ U ಇರುತ್ತದೆ. ಅನಂತರದ ಐದು ಅಂಕೆಗಳು ಉದ್ಯಮದ ಬಗೆ, WB ಎಂದರೆ ಪಶ್ಚಿಮ ಬಂಗಾಳ, 1919 ಸ್ಥಾಪನೆಯ ವರ್ಷ, PLC ಎಂದರೆ ಸಾರ್ವಜನಿಕ ಕಂಪನಿ. ಖಾಸಗಿಯಾದರೆ ಆ ಸ್ಥಾನದಲ್ಲಿ PTC ಇರುತ್ತದೆ. ಇಲ್ಲಿ 17 ಎಂಬ ಉದ್ಯಮ ಸಂಕೇತವು ಜವಳಿಯದು. ಕಂಪನಿ ಹುಟ್ಟಿದ್ದು ಹತ್ತಿ ಗಿರಣಿಯಾಗಿ. ಈ ಸಂಖ್ಯೆಯನ್ನಷ್ಟೇ ನಂಬಿದವನಿಗೆ ಇದು ಬಂಗಾಳದ ಬಟ್ಟೆ ಕಂಪನಿಯಾಗಿ ತೋರುತ್ತದೆ. ಸೇಡಂನ ಸುಣ್ಣಕಲ್ಲು ಅದರಲ್ಲಿ ಎಲ್ಲಿಯೂ ಇಲ್ಲ. ಸಂಖ್ಯೆ ತಿಳಿಸುವುದು ಕಂಪನಿ ಯಾವುದೆಂಬುದನ್ನು. ಕಾರ್ಖಾನೆ ಎಲ್ಲಿದೆ ಎಂಬುದನ್ನಲ್ಲ.

ಕಾರ್ಖಾನೆಯ ಸ್ಥಳಕ್ಕೆ ವಾರ್ಷಿಕ ವರದಿಯನ್ನೇ ತೆರೆಯಬೇಕು. ಷೇರುಪೇಟೆಯ ಕಂಪನಿಗಳಿಗೆ ಸೆಬಿ 2015ರಲ್ಲಿ ರೂಪಿಸಿದ ನಿಯಮಾವಳಿಯಂತೆ, ವರದಿಯ ಆಡಳಿತ ನಿರ್ವಹಣೆಯ ಅಧ್ಯಾಯದಲ್ಲಿ ಷೇರುದಾರರಿಗಾಗಿ ಕೊಡುವ ಸಾಮಾನ್ಯ ಮಾಹಿತಿಯ ಭಾಗವಿರುತ್ತದೆ. ಅದರಲ್ಲಿ Plant Locations ಎಂಬ ಶೀರ್ಷಿಕೆ ಕಡ್ಡಾಯ. ನೂರಾರು ಪುಟಗಳ ವರದಿಯಲ್ಲಿ ಈ ಎರಡು ಪದಗಳನ್ನು ಹುಡುಕಿದರೆ ಸಾಕು. ಕೋಲ್ಕತ್ತದಲ್ಲಿ ನೋಂದಾಯಿತ ಕಚೇರಿಯಿದ್ದ ಕೇಸೋರಾಂನ ಸಿಮೆಂಟ್ ಕಾರ್ಖಾನೆಗಳು ಎರಡು: ಒಂದು ಸೇಡಂನಲ್ಲಿ, ಇನ್ನೊಂದು ತೆಲಂಗಾಣದ ಬಸಂತನಗರದಲ್ಲಿ.

2025ರ ಮಾರ್ಚ್ 1ರಂದು ಆ ಸಿಮೆಂಟ್ ವಿಭಾಗವು ಕೇಸೋರಾಂನಿಂದ ಬೇರ್ಪಟ್ಟು ಅಲ್ಟ್ರಾಟೆಕ್ ಸಿಮೆಂಟ್ ಕಂಪನಿಯಲ್ಲಿ ಸೇರಿತು. ಸೇಡಂನ ಗೂಡು ಕದಲಲಿಲ್ಲ, ಗಣಿ ಕದಲಲಿಲ್ಲ. ಆದರೆ ಇಂದು ಅದರ ಕುರಿತು ಪತ್ರ ಬರೆಯುವವರು ಕೋಲ್ಕತ್ತಕ್ಕಲ್ಲ, ಮುಂಬಯಿಗೆ ಬರೆಯಬೇಕು. ಹಳೆಯ ವರದಿಯೊಂದನ್ನೇ ಇಟ್ಟುಕೊಂಡವರು ತಪ್ಪುವುದು ಇಲ್ಲಿಯೇ. ಆದುದರಿಂದ ಸತತ ಎರಡು ವರ್ಷಗಳ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಒಂದು ಊರಿನ ಹೆಸರು ಪಟ್ಟಿಯಿಂದ ಮಾಯವಾಗಿದ್ದರೆ ಕಾರ್ಖಾನೆ ಮುಚ್ಚಿದೆಯೆಂದು ಕೂಡಲೇ ತಿಳಿಯಬಾರದು, ಕೈ ಬದಲಾಗಿರಲೂಬಹುದು.

ಮಾರುಕಟ್ಟೆ ಮೌಲ್ಯದಲ್ಲಿ ಮೊದಲ ಸಾವಿರ ಸ್ಥಾನಗಳಲ್ಲಿರುವ ಕಂಪನಿಗಳು 2022-23ರಿಂದ ಬಿ.ಆರ್.ಎಸ್.ಆರ್. ಎಂಬ ಇನ್ನೊಂದು ವರದಿಯನ್ನೂ ಕಡ್ಡಾಯವಾಗಿ ಕೊಡುತ್ತಿವೆ. ಅದು ಕಾರ್ಖಾನೆಗಳ ಮತ್ತು ಕಚೇರಿಗಳ ಸಂಖ್ಯೆಯನ್ನು ಕೇಳುತ್ತದೆಯೇ ಹೊರತು ಊರುಗಳನ್ನಲ್ಲ. ಆದರೂ ಸಂಖ್ಯೆ ಉಪಯುಕ್ತ: ಪಟ್ಟಿಯಲ್ಲಿ ಹೆಸರುಗಳು ಎಂಟಿದ್ದು ಇಲ್ಲಿ ಕಾರ್ಖಾನೆಗಳು ಹತ್ತು ಎಂದಿದ್ದರೆ, ಉಳಿದೆರಡು ಎಲ್ಲಿ ಎಂದು ಕೇಳಲು ನಿಮಗೆ ಕಾರಣ ದೊರೆಯುತ್ತದೆ. ನಮ್ಮ ಯಾದಗಿರಿ ಮಹತ್ವಾಕಾಂಕ್ಷಿ ಜಿಲ್ಲೆಗಳಲ್ಲಿ ಒಂದು. ಅಂತಹ ಜಿಲ್ಲೆಗಳಲ್ಲಿ ಸಾಮಾಜಿಕ ಹೊಣೆಗಾರಿಕೆಯ ನಿಧಿಯಿಂದ ಮಾಡಿದ ವೆಚ್ಚವನ್ನು ಜಿಲ್ಲೆಯ ಹೆಸರಿನೊಂದಿಗೆ ತೋರಿಸುವ ಅಂಕಣವೂ ಅದೇ ವರದಿಯಲ್ಲಿದೆ. ಅದನ್ನು ತುಂಬುವುದು ಐಚ್ಛಿಕ. ತುಂಬಿದ್ದರೆ ಓದದೆ ಬಿಡಬೇಡಿ.

ಇನ್ನು ನಮ್ಮ ಊರಿಗೆ ಹೆಚ್ಚು ಹತ್ತಿರದ ತೊಡಕು. ಷೇರುಪೇಟೆಯಲ್ಲಿಲ್ಲದ ಖಾಸಗಿ ಕಂಪನಿಗಳಿಗೆ Plant Locations ನಿಯಮ ಅನ್ವಯಿಸುವುದಿಲ್ಲ. ಅವು ಸಲ್ಲಿಸುವ MGT-7 ಎಂಬ ವಾರ್ಷಿಕ ವಿವರಪತ್ರದಲ್ಲಿ ನೋಂದಾಯಿತ ಕಚೇರಿಯ ವಿಳಾಸ ದೊರೆಯುತ್ತದೆ. ಅದು ಹೊರರಾಜ್ಯದ ಒಂದು ವಸತಿ ಸಮುಚ್ಚಯದ ಮನೆಯಾಗಿರಬಹುದು. ಹೆಚ್ಚು ಮಾತನಾಡುವುದು AOC-4 ನಮೂನೆಯ ಜೊತೆಗಿರುವ ಲೆಕ್ಕಪತ್ರ. ಕೇಂದ್ರ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣ mca.gov.in ನಲ್ಲಿ ಕಂಪನಿಯೊಂದಕ್ಕೆ 100 ರೂಪಾಯಿ ಶುಲ್ಕ ಕಟ್ಟಿ ಇವನ್ನು ನೋಡಬಹುದು.

ಲೆಕ್ಕಪತ್ರದಲ್ಲಿ ಮೂರು ಕಡೆ ಕಣ್ಣಿಡಿ. ಮೊದಲ ಟಿಪ್ಪಣಿಯಲ್ಲಿ ಕಂಪನಿಯ ಪರಿಚಯವಿರುತ್ತದೆ. ಕಾರ್ಖಾನೆಯ ಊರನ್ನು ಹಲವರು ಅಲ್ಲಿಯೇ ಹೇಳಿರುತ್ತಾರೆ. ಹೇಳದಿದ್ದರೆ ಸಾಲಗಳ ಟಿಪ್ಪಣಿಗೆ ಹೋಗಿ. ಬ್ಯಾಂಕು ಅಡಮಾನವಿಲ್ಲದೆ ದೊಡ್ಡ ಸಾಲ ಕೊಡುವುದು ಅಪರೂಪ. ಅಡವಿಟ್ಟ ಆಸ್ತಿಯ ನಿವೇಶನ ಸಂಖ್ಯೆ, ಕೈಗಾರಿಕಾ ಪ್ರದೇಶ, ಗ್ರಾಮ ಅಲ್ಲಿ ದೊರೆಯಬಹುದು. ಅಲ್ಲಿಯೂ ಸಂಕ್ಷೇಪವಾಗಿದ್ದರೆ, ಸಾಲದ ಅಡಮಾನವನ್ನು ನೋಂದಾಯಿಸುವ CHG-1 ನಮೂನೆಯನ್ನು ತೆರೆಯಿರಿ. ಅದು ವಾರ್ಷಿಕ ದಾಖಲೆಯಲ್ಲ, ಆದರೆ ಅದೇ ಶುಲ್ಕದಲ್ಲಿ ಕಾಣಸಿಗುತ್ತದೆ. ನನ್ನ ಅನುಭವದಲ್ಲಿ ಸ್ಥಳದ ವಿಷಯದಲ್ಲಿ ಅತ್ಯಂತ ಪ್ರಾಮಾಣಿಕವಾದ ಕಾಗದ ಇದೇ. ಮೂರನೆಯದು ಪ್ರಗತಿಯಲ್ಲಿರುವ ಬಂಡವಾಳ ಕಾಮಗಾರಿಯ ಪಟ್ಟಿ. ಕಾರ್ಖಾನೆ ಇನ್ನೂ ಕಟ್ಟಡದ ಹಂತದಲ್ಲಿರುವಾಗಲೇ ಅದರ ಸುಳಿವು ಇಲ್ಲಿ ಸಿಗುತ್ತದೆ.

ಹುಡುಕುವಾಗ ಕಾಗುಣಿತದ ಗೊಂದಲ ನೆನಪಿರಲಿ. ನಮ್ಮ ಊರು ಇಂಗ್ಲಿಷಿನಲ್ಲಿ Kadechur ಎಂದೂ Kadechoor ಎಂದೂ ಬರುತ್ತದೆ. ಜಿಲ್ಲೆ Yadgir, Yadgiri, Yadagiri. ಹಲವು ಲೆಕ್ಕಪತ್ರಗಳು ಛಾಯಾಪ್ರತಿಗಳಾದ್ದರಿಂದ ಗಣಕಯಂತ್ರ ಅವುಗಳಲ್ಲಿ ಪದವನ್ನು ಹುಡುಕಲಾರದು. ‘ಫಲಿತಾಂಶವಿಲ್ಲ’ ಎಂದು ಬಂದರೆ ಪುಟಗಳನ್ನು ಕಣ್ಣಿನಿಂದಲೇ ತಿರುವಬೇಕು.

ಕಾಲದ ಅಂತರವೂ ಇದೆ. 2024ರ ಏಪ್ರಿಲ್‌ನಲ್ಲಿ ಉತ್ಪಾದನೆ ಆರಂಭಿಸಿದ ಕಾರ್ಖಾನೆಯ ಮೊದಲ ವರ್ಷ ಮುಗಿಯುವುದು 2025ರ ಮಾರ್ಚ್ 31ಕ್ಕೆ. ವಾರ್ಷಿಕ ಮಹಾಸಭೆಗೆ ಸಾಮಾನ್ಯವಾಗಿ ಸೆಪ್ಟೆಂಬರ್ ಕೊನೆಯವರೆಗೆ ಅವಕಾಶವಿದ್ದು, ಸಭೆಯ ನಂತರ ಲೆಕ್ಕಪತ್ರ ಸಲ್ಲಿಸಲು 30 ದಿನ, ವಿವರಪತ್ರಕ್ಕೆ 60 ದಿನ. ಹೀಗೆ ಗ್ರಾಮಸ್ಥರು ಹೊಗೆಯನ್ನು ಕಂಡ ಒಂದೂವರೆ ವರ್ಷದ ಬಳಿಕ ದಾಖಲೆ ಕೈಗೆ ಬರಬಹುದು.

ಆ ಅಂತರದಲ್ಲಿ ನೆರವಾಗುವುದು ಪರಿಸರದ ದಾಖಲೆ. ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪಡೆದು ನಡೆಯುವ ಕಾರ್ಖಾನೆಗಳು Form V ಎಂಬ ಪರಿಸರ ಹೇಳಿಕೆಯನ್ನು ಪ್ರತಿ ವರ್ಷ ಸೆಪ್ಟೆಂಬರ್ 30ರೊಳಗೆ ಮಂಡಳಿಗೆ ಸಲ್ಲಿಸಬೇಕು. ಅದು ಕಂಪನಿಗೆ ಒಂದಲ್ಲ, ಕಾರ್ಖಾನೆಗೆ ಒಂದು. ಮಾಲೀಕರ ಹೆಸರು, ಕಾರ್ಖಾನೆಯ ವಿಳಾಸ, ನೀರಿನ ಬಳಕೆ ಎಲ್ಲವೂ ಅದರಲ್ಲಿರುತ್ತವೆ. ಮಾಹಿತಿ ಹಕ್ಕಿನಡಿ ಅದನ್ನು ಮಂಡಳಿಯಿಂದ ಕೇಳಬಹುದು.

ಕೊನೆಯದಾಗಿ, ಇಲ್ಲಿನ ರೈಲ್ವೆ ಬೋಗಿ ಕಾರ್ಖಾನೆಯನ್ನು ಈ ಯಾವ ಕಂಪನಿ ದಾಖಲೆಯಲ್ಲಿಯೂ ಹುಡುಕಬೇಡಿ. ಅದು ರೈಲ್ವೆ ಇಲಾಖೆಯದು, ಕಂಪನಿಯದಲ್ಲ. ಉಳಿದ ಗೇಟುಗಳ ಫಲಕಗಳನ್ನು ಇಂದು ಮಧ್ಯಾಹ್ನ ಬರೆದುಕೊಂಡು ಬನ್ನಿ. ಊಟದ ನಂತರ ಒಂದೊಂದೇ ಹೆಸರನ್ನು ಜಾಲತಾಣದಲ್ಲಿ ತೆರೆದು ನೋಡೋಣ.