ಬಿಲ್ಲು ನಿಜ, ಖಾತೆ ಸುಳ್ಳು

(ಪಟ್ಟಣದ ವ್ಯಾಪಾರಿಗಳ ಮತ್ತು ಲೆಕ್ಕಿಗರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನಕಲಿ ಬಿಲ್ಲೆಂದರೆ ಬಾರದ ಸರಕಿಗೆ ಬರೆದ ಬಿಲ್ಲು ಎಂದೇ ನಮ್ಮಲ್ಲಿ ಹೆಚ್ಚಿನವರು ಭಾವಿಸಿದ್ದಾರೆ. ಅಂತಹದ್ದನ್ನು ಗೋದಾಮಿನ ಪುಸ್ತಕವೇ ಹಿಡಿದುಕೊಡುತ್ತದೆ. ನಾನಿಂದು ಹೇಳಹೊರಟಿರುವುದು ಬೇರೊಂದು ವಿಧ. ಇಲ್ಲಿ ಸರಕು ಬಂದಿರುತ್ತದೆ, ದರ ಸರಿಯಿರುತ್ತದೆ, ಜಿಎಸ್‌ಟಿ ಸಂಖ್ಯೆಯೂ ನಿಜವೇ. ಸುಳ್ಳಾಗಿರುವುದು ಬ್ಯಾಂಕ್ ಖಾತೆಯ ಒಂದೇ ಸಾಲು.

ನಮ್ಮೂರಿನ ಬಟ್ಟೆ ಅಂಗಡಿಯೊಂದು ಸೂರತ್‌ನ ಸಗಟು ವ್ಯಾಪಾರಿಗೆ 4,80,000 ರೂಪಾಯಿ ಕೊಡಬೇಕಾಗಿದೆ ಎಂದಿಟ್ಟುಕೊಳ್ಳಿ. ಆ ವ್ಯಾಪಾರಿಯ ಇಮೇಲ್ ಖಾತೆಯೊಳಗೆ ನುಸುಳಿದ ವಂಚಕನು ಎಲ್ಲ ಪತ್ರಗಳನ್ನೂ ಓದುತ್ತಾ ಕಾದಿದ್ದಾನೆ. ಪಾವತಿಯ ದಿನ ಸಮೀಪಿಸಿದಾಗ ಪತ್ರವೊಂದು ಬರುತ್ತದೆ: "ಹಳೆಯ ಖಾತೆಯಲ್ಲಿ ಆಡಿಟ್ ನಡೆಯುತ್ತಿದೆ, ಹಣವನ್ನು ಹೊಸ ಖಾತೆಗೆ ಇಂದೇ ಹಾಕಿರಿ." ಜೊತೆಗೆ ಅದೇ ಬಿಲ್ಲು, ಖಾತೆ ಸಂಖ್ಯೆ ಮಾತ್ರ ಬೇರೆ. ಪತ್ರದ ವಿಳಾಸದಲ್ಲಿ m ಇರಬೇಕಾದಲ್ಲಿ rn ಇರುತ್ತದೆ. ಪರದೆಯ ಮೇಲೆ ಎರಡೂ ಒಂದೇ ತೆರನಾಗಿ ಕಾಣುತ್ತವೆ. ಕೆಲವೊಮ್ಮೆ ಆ ಸುಳಿವೂ ಇರುವುದಿಲ್ಲ, ನಿಜವಾದ ವಿಳಾಸದಿಂದಲೇ ಪತ್ರ ಬರುತ್ತದೆ.

ಜಿಎಸ್‌ಟಿ ಜಾಲತಾಣದಲ್ಲಿ ಪರಿಶೀಲಿಸಿದೆವೆಂದು ಲೆಕ್ಕಿಗರು ಸಮಾಧಾನಪಡುವುದುಂಟು. ಅಲ್ಲಿ ವ್ಯಾಪಾರದ ಹೆಸರು ಕಾಣುತ್ತದೆಯೇ ಹೊರತು ಬ್ಯಾಂಕ್ ಖಾತೆ ಕಾಣುವುದಿಲ್ಲ. ನೆಫ್ಟ್ ಮತ್ತು ಆರ್‌ಟಿಜಿಎಸ್‌ನಲ್ಲಿ ಹಣವು ಖಾತೆ ಸಂಖ್ಯೆಯ ಆಧಾರದಿಂದಲೇ ಜಮೆಯಾಗುತ್ತದೆ, ನಾವು ಬರೆದ ಹೆಸರಿನಿಂದಲ್ಲ. ಕಳುಹಿಸುವ ಮೊದಲು ಖಾತೆದಾರನ ಹೆಸರನ್ನು ತೋರಿಸುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಒದಗಿಸುವಂತೆ ರಿಸರ್ವ್ ಬ್ಯಾಂಕು 2024ರ ಡಿಸೆಂಬರಿನಲ್ಲಿ ಸೂಚಿಸಿತು. ಅದನ್ನು ಖಂಡಿತ ಬಳಸಿರಿ. ಸಂಸ್ಥೆಯ ಹೆಸರಿರಬೇಕಾದಲ್ಲಿ ಯಾರೋ ವ್ಯಕ್ತಿಯ ಹೆಸರು ಕಂಡರೆ ಅಲ್ಲಿಗೇ ನಿಲ್ಲಿಸಿರಿ.

ಆದರೆ ಹೆಸರು ಹೊಂದಿದ ಮಾತ್ರಕ್ಕೆ ಎಲ್ಲವೂ ಸರಿಯೆನ್ನಲಾಗದು. ಲಿಥುವೇನಿಯಾದ ಎವಾಲ್ಡಾಸ್ ರಿಮಾಸೌಸ್ಕಸ್ ಎಂಬಾತ ತೈವಾನಿನ ಕ್ವಾಂಟಾ ಕಂಪ್ಯೂಟರ್ ಕಂಪೆನಿಯ ಹೆಸರಿನಲ್ಲೇ ಲಾಟ್ವಿಯಾದಲ್ಲಿ ಇನ್ನೊಂದು ಕಂಪೆನಿಯನ್ನು ನೋಂದಾಯಿಸಿ, ಆ ಹೆಸರಿನಲ್ಲೇ ಖಾತೆಗಳನ್ನು ತೆರೆದನು. 2013ರಿಂದ 2015ರ ನಡುವೆ ಗೂಗಲ್ ಮತ್ತು ಫೇಸ್‌ಬುಕ್‌ನಿಂದ 12 ಕೋಟಿ ಡಾಲರಿಗೂ ಹೆಚ್ಚು ಹಣ ಆ ಖಾತೆಗಳಿಗೆ ಹೋಯಿತು. 2019ರಲ್ಲಿ ಅಮೆರಿಕದ ನ್ಯಾಯಾಲಯ ಆತನಿಗೆ 5 ವರ್ಷ ಸೆರೆವಾಸ ವಿಧಿಸಿತು. ಇಂಜಿನಿಯರುಗಳಿಂದ ತುಂಬಿದ ಕಂಪೆನಿಗಳ ಗತಿಯೇ ಇದಾದರೆ ನಮ್ಮ ಅಂಗಡಿಯ ಗುಮಾಸ್ತನನ್ನು ಬೈದು ಫಲವೇನು?

ಫೋನ್ ಮಾಡಿ ಕೇಳುವುದೇ ಉಳಿದ ದಾರಿ. ಅದೂ ಹೊಸ ಪತ್ರದಲ್ಲಿರುವ ಸಂಖ್ಯೆಗಲ್ಲ, ಏಕೆಂದರೆ ಅಲ್ಲಿ ಉತ್ತರಿಸುವವನು ವಂಚಕನೇ. ಕಳೆದ ವರ್ಷದ ಬಿಲ್ಲಿನಲ್ಲಿರುವ ಸಂಖ್ಯೆಗೆ ಕರೆ ಮಾಡಿ, ಪರಿಚಿತ ದನಿಯಿಂದ ಹೊಸ ಖಾತೆಯ ಕೊನೆಯ ನಾಲ್ಕು ಅಂಕಿಗಳನ್ನು ಕೇಳಿರಿ, ನೀವಾಗಿ ಓದಿ ಹೇಳಿ "ಹೌದಾ?" ಎನ್ನಬೇಡಿ, ಅವಸರದಲ್ಲಿರುವವರು ಹೌದೆಂದುಬಿಡುತ್ತಾರೆ. ಒಂದು ರೂಪಾಯಿ ಕಳುಹಿಸಿ ನೋಡುವ ರೂಢಿಯಿಂದ ಖಾತೆ ಚಾಲ್ತಿಯಲ್ಲಿದೆ ಎಂಬುದಷ್ಟೇ ತಿಳಿಯುತ್ತದೆ. 37 ರೂಪಾಯಿ ಕಳುಹಿಸಿ, ಎಷ್ಟು ಬಂತೆಂದು ಹಳೆಯ ಸಂಖ್ಯೆಗೇ ಕರೆ ಮಾಡಿ ಕೇಳುವುದು ಲೇಸು.

ಹಣ ಹೋಗಿಬಿಟ್ಟಿದ್ದರೆ ನಾಚಿಕೆಯಿಂದ ಮುಚ್ಚಿಡದೆ ಕೂಡಲೇ 1930ಕ್ಕೆ ಕರೆ ಮಾಡಿರಿ, ನಿಮ್ಮ ಬ್ಯಾಂಕಿಗೂ ತಿಳಿಸಿರಿ. ವಂಚಕನು ಹಣವನ್ನು ಮುಂದಿನ ಖಾತೆಗೆ ದಾಟಿಸುವ ಮೊದಲೇ ಅದನ್ನು ತಡೆಹಿಡಿಯಬೇಕು. ಇತ್ತ ಸೂರತ್‌ನ ವ್ಯಾಪಾರಿಗೆ ಇನ್ನೂ ಒಂದು ಪೈಸೆಯೂ ತಲುಪಿಲ್ಲ. ಆತ ತನ್ನ 4,80,000 ರೂಪಾಯಿಯನ್ನು ಕೇಳಿಯೇ ಕೇಳುತ್ತಾನೆ.